ಎರಡು ಕಿಲೋ ಬೇಳೆಯ ಲೆಕ್ಕ

2007ರಲ್ಲಿ ಇಂಗ್ಲೆಂಡಿನಲ್ಲಿ ಒಂದು ತಪಾಸಣೆ ನಡೆಯಿತು. ಅಲ್ಲಿ ಪದವಿ ತರಗತಿಗೆ ಸೇರುವವರ ಅರ್ಜಿಗಳು ಯುಕಾಸ್ ಎಂಬ ಒಂದೇ ಸಂಸ್ಥೆಯ ಮೂಲಕ ಹೋಗುತ್ತವೆ. ಅರ್ಜಿಯ ಜೊತೆಗೆ ವಿದ್ಯಾರ್ಥಿ ತನ್ನ ಬಗ್ಗೆ ತಾನೇ ಬರೆದ ಒಂದು ಪುಟವೂ ಇರಬೇಕು. ಅಂಥ ಸುಮಾರು 50 ಸಾವಿರ ಪುಟಗಳನ್ನು ಕಂಪ್ಯೂಟರಿಗೆ ಹಾಕಿ, ಒಂದರ ಮಾತು ಇನ್ನೊಂದರಲ್ಲಿ ಇದೆಯೇ ಎಂದು ಹುಡುಕಿದರು. ನೂರಕ್ಕೆ ಐದರಷ್ಟು ಪುಟಗಳಲ್ಲಿ ಎರವಲು ಮಾತು ಸಿಕ್ಕಿತು. ಅದರಲ್ಲೂ ಒಂದು ಕಥೆ ಎಲ್ಲರನ್ನೂ ನಗಿಸಿತು. ಎಂಟನೇ ವಯಸ್ಸಿನಲ್ಲಿ ರಸಾಯನ ಆಟಿಕೆಯ ಜೊತೆ ಆಡುವಾಗ ಪೈಜಾಮ ಸುಟ್ಟುಕೊಂಡು ತೂತಾಯಿತಂತೆ, ಅಂದಿನಿಂದ ವಿಜ್ಞಾನದ ಮೇಲೆ ಪ್ರೀತಿ ಹುಟ್ಟಿತಂತೆ. ಹೀಗೆ ಪೈಜಾಮ ಸುಟ್ಟುಕೊಂಡವರು ಇನ್ನೂರ ಮೂವತ್ತಕ್ಕೂ ಹೆಚ್ಚು ಮಂದಿ!

ಅಲ್ಲಿನ ಮಾತು ನಮಗೇಕೆ ಎನ್ನಬೇಡಿ. ನಮ್ಮ ಕಲಬುರಗಿಯಲ್ಲೂ ಎಂಜಿನಿಯರಿಂಗ್ ಮುಗಿಸಿದವರು, ಎಂ.ಎಸ್ಸಿ. ಮುಗಿಸಿದವರು ಹೊರದೇಶದ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುತ್ತಾರೆ. ಅದರ ಜೊತೆ ಒಂದೆರಡು ಪುಟದ ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಕೊಡಬೇಕು. ಹುಡುಗರ ಬಾಯಲ್ಲಿ ಅದು ಎಸ್‌ಒಪಿ. ತಾನು ಏನು ಓದಿದೆ, ಏನು ಮಾಡಿದೆ, ಮುಂದೆ ಏನನ್ನು ಯಾಕೆ ಓದಬೇಕು ಎಂಬುದನ್ನು ಅದರಲ್ಲಿ ಹೇಳಬೇಕು. ನಮ್ಮಲ್ಲಿ ಪೈಜಾಮದ ಕಥೆ ಇಲ್ಲ, ನಿಜ. ಅದರ ಬದಲು ಚಿಕ್ಕಂದಿನಲ್ಲಿ ರೇಡಿಯೋ ಬಿಚ್ಚಿ ನೋಡಿದ ಕಥೆ ಇದೆ. ಅಬ್ದುಲ್ ಕಲಾಂ ಅವರ ಒಂದು ಮಾತು ಇದೆ. ಸೀನಿಯರ್ ಕೊಟ್ಟ ಪೆನ್‌ಡ್ರೈವ್‌ನಲ್ಲಿ ಹತ್ತು ಮಾದರಿಗಳೂ ಇರುತ್ತವೆ.

ಇಂಥ ಒಂದು ಕರಡನ್ನು ತಿದ್ದುವುದು ಹೇಗೆ? ಸವಕಲು ಮಾತು ಹೋಗಬೇಕು, ಉತ್ಪ್ರೇಕ್ಷೆ ಹೋಗಬೇಕು, ಆದರೆ ಬರೆದವರ ನಿಜವಾದ ಅನುಭವ ಉಳಿಯಬೇಕು. ಇವತ್ತಿನ ಮಾತು ಇಷ್ಟರ ಬಗ್ಗೆ ಮಾತ್ರ.

ಇದಕ್ಕಾಗಿ ಒಂದು ಮಾದರಿ ಕಟ್ಟಿಕೊಳ್ಳೋಣ. ಶಹಾಬಜಾರಿನ ಒಬ್ಬ ಹುಡುಗಿ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ್ದಾಳೆ. ಅಪ್ಪ ನೆಹರು ಗಂಜಿನಲ್ಲಿ ಹಮಾಲಿ ಮಾಡುತ್ತಾರೆ. ಕೊನೆಯ ವರ್ಷದ ಪ್ರಾಜೆಕ್ಟ್ ಒಂದು ದಾಲ್ ಮಿಲ್ಲಿನಲ್ಲಿ ನಡೆದಿದೆ. ಈಗ ಆಹಾರ ಸಂಸ್ಕರಣೆಯ ಎಂಜಿನಿಯರಿಂಗ್‌ನಲ್ಲಿ ಎಂ.ಎಸ್. ಮಾಡುವ ಆಸೆ. ಬಡಾವಣೆಯಲ್ಲೇ ಇರುವ ಒಬ್ಬ ನಿವೃತ್ತ ಇಂಗ್ಲಿಷ್ ಉಪನ್ಯಾಸಕರ ಬಳಿಗೆ ಕರಡು ತಂದಿದ್ದಾಳೆ. ಹುಡುಗಿಯೂ ಕಲ್ಪಿತ, ಉಪನ್ಯಾಸಕರೂ ಕಲ್ಪಿತ, ಅವಳ ಪ್ರಾಜೆಕ್ಟಿನ ಅಂಕಿಗಳೂ ಈ ಮಾತಿಗಾಗಿ ಇಟ್ಟುಕೊಂಡವು. ಕರಡಿನ ತಪ್ಪುಗಳು ಮಾತ್ರ ಕಲ್ಪಿತವಲ್ಲ. ಅವು ಊರೂರಿನಲ್ಲಿ ಓಡಾಡುತ್ತಿವೆ.

ಕರಡು ಇಂಗ್ಲಿಷಿನಲ್ಲಿದೆ. ಅದರ ಮೊದಲ ಭಾಗ ಕನ್ನಡದಲ್ಲಿ ಹೇಳಿದರೆ ಹೀಗಿರುತ್ತದೆ: "ಬಾಲ್ಯದಿಂದಲೂ ನನಗೆ ಯಂತ್ರಗಳೆಂದರೆ ಅಪಾರ ಕುತೂಹಲ. ತಂತ್ರಜ್ಞಾನ ಇಂದು ಜಗತ್ತನ್ನೇ ಬದಲಿಸುತ್ತಿದೆ. ಹಿಂದುಳಿದ ಪ್ರದೇಶದ ಬಡ ಕೂಲಿಕಾರನ ಮಗಳಾದ ನಾನು ಅಸಂಖ್ಯ ಅಡೆತಡೆಗಳನ್ನು ದಾಟಿ ಬಂದಿದ್ದೇನೆ. ನನ್ನ ನೇತೃತ್ವದಲ್ಲಿ ದಾಲ್ ಮಿಲ್ ಉದ್ಯಮದಲ್ಲಿ ಕ್ರಾಂತಿ ತರಬಲ್ಲ ವ್ಯವಸ್ಥೆಯೊಂದನ್ನು ರೂಪಿಸಿ, ಉತ್ಪಾದಕತೆಯನ್ನು ಶೇಕಡಾ 25ರಷ್ಟು ಹೆಚ್ಚಿಸಿದೆ."

ಕೇಳಲು ಜೋರಾಗಿದೆ. ಉಪನ್ಯಾಸಕರು ಪೆನ್ನು ಮುಟ್ಟದೆ ಒಮ್ಮೆ ಪೂರ್ತಿ ಓದುತ್ತಾರೆ. ಎರಡನೇ ಸಲ ಓದುವಾಗ ಪೆನ್ಸಿಲ್ ತೆಗೆದುಕೊಂಡು ಕೆಲವು ವಾಕ್ಯಗಳ ಕೆಳಗೆ ಗೆರೆ ಎಳೆಯುತ್ತಾರೆ. ಯಾವ ವಾಕ್ಯಗಳ ಕೆಳಗೆ? ಬೇರೆ ಯಾರದೇ ಹೆಸರು ಹಾಕಿದರೂ ನಡೆಯುವ ವಾಕ್ಯಗಳ ಕೆಳಗೆ. ಬಾಲ್ಯದ ಕುತೂಹಲ ಯಾರಿಗಿಲ್ಲ? ತಂತ್ರಜ್ಞಾನ ಜಗತ್ತನ್ನು ಬದಲಿಸುತ್ತಿದೆ ಎಂಬುದನ್ನು ಎಂಜಿನಿಯರಿಂಗ್ ಪ್ರಾಧ್ಯಾಪಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಿಕ್ಕ ವಯಸ್ಸಿನಿಂದಲೂ ಎಂದು ಶುರುವಾಗುವ ಅರ್ಜಿಗಳು ಒಂದೇ ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಬಂದಿದ್ದವು ಎಂದು ಯುಕಾಸ್ ಸಂಸ್ಥೆಯೇ ಒಮ್ಮೆ ಹೇಳಿತ್ತು. ಅದು ಸುಳ್ಳು ವಾಕ್ಯವೇನಲ್ಲ. ಆದರೆ ಅದನ್ನು ಓದಿದವರಿಗೆ ಬರೆದವರ ಬಗ್ಗೆ ಏನೂ ತಿಳಿಯುವುದಿಲ್ಲ. ಒಂದು ಸಾವಿರ ಪದಗಳ ಮಿತಿಯಲ್ಲಿ ನೂರು ಪದ ಹೀಗೆ ಖರ್ಚಾದರೆ ಹತ್ತನೇ ಒಂದು ಪಾಲು ಹೋಯಿತು. 500 ಪದಗಳ ಮಿತಿಯಾದರೆ ಐದನೇ ಒಂದು ಪಾಲು.

ಈ ಗೆರೆ ಎಳೆದ ಸಾಲುಗಳನ್ನು ಚೆಂದ ಮಾಡಲು ಹೋಗಬಾರದು. ತಿದ್ದುವವರಲ್ಲಿ ಅನೇಕರು ಎಡವುವುದು ಇಲ್ಲೇ. ಕುತೂಹಲ ಎಂಬಲ್ಲಿ ಇನ್ನೂ ಘನವಾದ ಒಂದು ಪದ ಹುಡುಕಿ ಹಾಕುತ್ತಾರೆ. ಸವಕಲು ಮಾತಿಗೆ ಹೊಸ ಅಂಗಿ ತೊಡಿಸಿದಂತಾಗುತ್ತದೆ, ಅಷ್ಟೇ. ಆ ಜಾಗವನ್ನು ಖಾಲಿ ಬಿಡಬೇಕು. ಅಲ್ಲಿ ಏನು ಬರಬೇಕು ಎಂಬುದು ಪ್ರಶ್ನೆ ಕೇಳಿದ ಮೇಲೆ ಗೊತ್ತಾಗುತ್ತದೆ.

ಇಷ್ಟು ಹೊತ್ತು ಕೇಳಿದ್ದು ಸವಕಲು ಮಾತನ್ನು ಗುರುತಿಸುವ ಬಗೆ. ಹೆಸರು ಬದಲಿಸಿ ನೋಡಿ, ವಾಕ್ಯ ಹಾಗೆಯೇ ನಿಂತರೆ ಅದು ನಿಮ್ಮದಲ್ಲ. ಈಗ ಉತ್ಪ್ರೇಕ್ಷೆಗೆ ಬರೋಣ. ಅದನ್ನು ಓದಿ ಗುರುತಿಸುವುದು ಕಷ್ಟ, ಕೇಳಿಯೇ ತಿಳಿಯಬೇಕು.

ಉಪನ್ಯಾಸಕರು ಕರಡನ್ನು ಪಕ್ಕಕ್ಕೆ ಇಡುತ್ತಾರೆ. "ಇಂಗ್ಲಿಷ್ ಬಿಡವ್ವ. ಮಿಲ್ಲಿನಾಗ ನೀ ಏನ್ ಮಾಡಿದಿ ಅಷ್ಟ ಹೇಳು" ಎನ್ನುತ್ತಾರೆ.

"ನಾವ್ ನಾಕ್ ಮಂದಿ ಇದ್ವಿರಿ ಸರ್. ಮಷಿನ್ ಮಿಲ್ಲಿನವರದೇ. ನಾ ನುಚ್ಚು ತೂಗಿ ಬರಕೋತಿದ್ದೆ."

"ಮತ್ತ ವ್ಯವಸ್ಥಾ ರೂಪಿಸಿದೆ ಅಂತ ಬರದಿಯಲ್ಲ?"

"ಅದು... ಹಂಗ ಬರೀಬೇಕಂತರಿ ಸರ್."

ಹಂಗ ಬರೀಬೇಕಂತ! ಈ ಮಾತನ್ನು ಯಾರು ಹೇಳಿದರು ಎಂದು ಕೇಳಿದರೆ ಯಾರ ಹೆಸರೂ ಬರುವುದಿಲ್ಲ. ಇರಲಿ. ಅರ್ಧ ಗಂಟೆ ಮಾತಾಡಿದ ಮೇಲೆ ನಡೆದದ್ದು ಏನು ಎಂಬುದು ಹೊರಗೆ ಬರುತ್ತದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಈ ಹುಡುಗಿಯ ಅರ್ಜಿಯ ಜೀವ ಅಲ್ಲಿದೆ.

ತೊಗರಿ ನಮ್ಮ ಜಿಲ್ಲೆಯ ಬೆಳೆ. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಆದರೆ ತೊಗರಿಯನ್ನು ಬೇಳೆ ಮಾಡುವುದು ಸುಲಭವಲ್ಲ. ಕಡಲೆಗಿಂತ ತೊಗರಿಯ ಸಿಪ್ಪೆ ಬಿಗಿ. ಸಿಪ್ಪೆಗೂ ಒಳಗಿನ ಬೇಳೆಗೂ ನಡುವೆ ಅಂಟಿನ ಒಂದು ತೆಳು ಪದರ ಇರುತ್ತದೆ. ಅದಕ್ಕೇ ಮಿಲ್ಲಿನಲ್ಲಿ ಮೊದಲು ಕಾಳಿನ ಮೈಯನ್ನು ಒರಟು ರೋಲರಿನಲ್ಲಿ ತರಚುತ್ತಾರೆ. ಆಮೇಲೆ ಎಣ್ಣೆ ಸವರುತ್ತಾರೆ, ನೆನೆಯಲು ಬಿಡುತ್ತಾರೆ, ಕೆಲವು ದಿನ ಬಿಸಿಲಿಗೆ ಹರವಿ ಒಣಗಿಸುತ್ತಾರೆ. ಅಂಟು ಸಡಿಲವಾದ ಮೇಲೆ ಮತ್ತೆ ರೋಲರಿಗೆ ಹಾಕಿದರೆ ಸಿಪ್ಪೆ ಬಿಡುತ್ತದೆ. ಸರಿಯಾಗಿ ಒಣಗದಿದ್ದರೆ ಸಿಪ್ಪೆ ಬಿಡುವುದಿಲ್ಲ, ಮತ್ತೆ ಮತ್ತೆ ರೋಲರಿಗೆ ಹಾಕಬೇಕು, ಪ್ರತಿ ಸಲವೂ ಅಂಚು ಸವೆದು ನುಚ್ಚು ಮತ್ತು ಚುನ್ನಿ ಹೆಚ್ಚುತ್ತದೆ. ಅತಿಯಾಗಿ ಒಣಗಿದರೆ ಕಾಳು ಪುಟಪುಟನೆ ಒಡೆಯುತ್ತದೆ. ಒಂದು ಕ್ವಿಂಟಲ್ ತೊಗರಿ ಹಾಕಿದರೆ ಸಾಮಾನ್ಯವಾಗಿ 70ರಿಂದ 75 ಕಿಲೋ ಬೇಳೆ ಬರುತ್ತದೆ. ಉಳಿದದ್ದು ಹೊಟ್ಟು, ನುಚ್ಚು, ಚುನ್ನಿ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಬಿಸಿಲಿನ ಬದಲು ಬಿಸಿ ಗಾಳಿಯಿಂದ ಒಣಗಿಸುವ ವಿಧಾನವನ್ನು ರೂಪಿಸಿದ್ದು ಈ ನಷ್ಟ ತಗ್ಗಿಸಲಿಕ್ಕೆ.

ಈಗ ಹುಡುಗಿಯ ಪ್ರಾಜೆಕ್ಟ್. ಆ ಮಿಲ್ಲಿನಲ್ಲಿ ಕಾಳು ಒಣಗಿದೆಯೋ ಇಲ್ಲವೋ ಎಂದು ಹಲ್ಲಿನಿಂದ ಕಚ್ಚಿ ನೋಡುತ್ತಿದ್ದರು. ಈ ನಾಲ್ವರು ಕಾಲೇಜಿನಿಂದ ತೇವಾಂಶ ಅಳೆಯುವ ಮೀಟರ್ ತಂದರು. ತೇವಾಂಶ ನೂರಕ್ಕೆ ಹತ್ತರ ಆಸುಪಾಸಿಗೆ ಬಂದ ಮೇಲೆ ಮಾತ್ರ ಕಾಳನ್ನು ರೋಲರಿಗೆ ಬಿಡಿಸಿದರು. ಹನ್ನೆರಡು ಲಾಟ್‌ಗಳಲ್ಲಿ ಹೀಗೆ ಮಾಡಿದರು. ಪ್ರತಿ ಲಾಟ್‌ನಿಂದ ಒಂದು ಕ್ವಿಂಟಲನ್ನು ಬೇರೆ ಇಟ್ಟು, ಬಂದ ಬೇಳೆ, ನುಚ್ಚು, ಚುನ್ನಿ ಎಲ್ಲವನ್ನೂ ತೂಗಿದರು. ತೂಗಿ ಬರೆದವಳು ಈ ಹುಡುಗಿ. ಮೊದಲು ಕ್ವಿಂಟಲಿಗೆ ಸುಮಾರು ಎಂಟು ಕಿಲೋ ನುಚ್ಚು ಬರುತ್ತಿತ್ತು. ಒಂಬತ್ತು ಲಾಟ್‌ಗಳಲ್ಲಿ ಅದು ಆರು ಕಿಲೋಗೆ ಇಳಿಯಿತು. ಮೂರು ಲಾಟ್‌ಗಳಲ್ಲಿ ಇಳಿಯಲೇ ಇಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಕೇಳಿ. ಎಂಟು ಕಿಲೋ ನುಚ್ಚು ಆರಕ್ಕೆ ಬಂದರೆ ಎರಡು ಕಿಲೋ ಕಡಿಮೆಯಾಯಿತು. ಎಂಟರಲ್ಲಿ ಎರಡು ಎಂದರೆ ಶೇಕಡಾ 25. ಕರಡಿನಲ್ಲಿದ್ದ ಅಂಕಿ ಬಂದದ್ದು ಇಲ್ಲಿಂದ. ಅಂಕಿ ಸುಳ್ಳಲ್ಲ. ಒಂಬತ್ತು ಲಾಟ್‌ಗಳಲ್ಲಿ ನುಚ್ಚು ಶೇಕಡಾ 25ರಷ್ಟು ಇಳಿದದ್ದು ನಿಜ. ಆದರೆ ಉತ್ಪಾದಕತೆ ಶೇಕಡಾ 25 ಹೆಚ್ಚಿತು ಎಂದರೆ ಅರ್ಥವೇ ಬೇರೆ. 72 ಕಿಲೋ ಬರುತ್ತಿದ್ದ ಬೇಳೆ 90 ಕಿಲೋ ಆಯಿತು ಎಂದ ಹಾಗೆ. ಹೊಟ್ಟೇ ಹತ್ತು ಕಿಲೋಗಿಂತ ಹೆಚ್ಚು ಹೋಗುವ ಕಾಳಿನಲ್ಲಿ 90 ಕಿಲೋ ಬೇಳೆ ಹೇಗೆ ಬಂದೀತು? ಆಹಾರ ಸಂಸ್ಕರಣೆ ಕಲಿಸುವ ಪ್ರಾಧ್ಯಾಪಕರು ಈ ಸಾಲನ್ನು ಓದಿದ ಕೂಡಲೇ ನಿಲ್ಲುತ್ತಾರೆ. ಇವಳಿಗೆ ತನ್ನ ಪ್ರಾಜೆಕ್ಟೇ ಗೊತ್ತಿಲ್ಲ ಎಂದುಕೊಳ್ಳುತ್ತಾರೆ. ನಿಜವಾಗಿ ಆದದ್ದು ಕ್ವಿಂಟಲಿಗೆ ಹೆಚ್ಚೆಂದರೆ ಎರಡು ಕಿಲೋ ಬೇಳೆ ಉಳಿದದ್ದು. ಎರಡು ಕಿಲೋ ಎಂದರೆ ಸಣ್ಣದೆನಿಸಬಹುದು. ದಿನಕ್ಕೆ ನೂರು ಕ್ವಿಂಟಲ್ ಒಡೆಯುವ ಮಿಲ್ಲಿನವರನ್ನು ಕೇಳಿ ನೋಡಿ. ಅವರಿಗೆ ಅದು ಎರಡು ಕ್ವಿಂಟಲ್.

ಉತ್ಪ್ರೇಕ್ಷೆ ಬಹಳ ಸಲ ಹೀಗೆಯೇ ಬರುತ್ತದೆ. ಅಂಕಿ ಸರಿ ಇರುತ್ತದೆ, ಅದನ್ನು ಅಂಟಿಸಿದ ಜಾಗ ತಪ್ಪಿರುತ್ತದೆ. ತಿದ್ದುವವರು ಪ್ರತಿ ಶೇಕಡಾವಾರಿನ ಎದುರು ಒಂದೇ ಪ್ರಶ್ನೆ ಬರೆಯಬೇಕು: ಯಾವುದರಲ್ಲಿ ಇಷ್ಟು? ಸಾಧ್ಯವಾದರೆ ಶೇಕಡಾವಾರು ತೆಗೆದು ಕಿಲೋ, ಗಂಟೆ, ರೂಪಾಯಿಯಲ್ಲೇ ಬರೆಸಬೇಕು.

ಎರಡು ಸಂಗತಿ ಆಯಿತು. ಯಾರ ಹೆಸರಿಗೂ ಹೊಂದುವ ವಾಕ್ಯ ತೆಗೆಯುವುದು. ಅಂಕಿಯನ್ನು ಅದರ ಜಾಗಕ್ಕೆ ಮರಳಿಸುವುದು. ಇನ್ನು ಮೂರನೆಯದು, ಕರಡಿನಲ್ಲಿ ಇಲ್ಲದೇ ಹೋದದ್ದು. ಆ ಮೂರು ಲಾಟ್‌ಗಳು.

ಹುಡುಗಿ ಅವುಗಳ ಬಗ್ಗೆ ಒಂದು ಅಕ್ಷರವನ್ನೂ ಬರೆದಿರಲಿಲ್ಲ. ಸೋತದ್ದನ್ನು ಬರೆದರೆ ಸೀಟು ಸಿಗುವುದಿಲ್ಲ ಎಂಬ ಅಂಜಿಕೆ. ಉಪನ್ಯಾಸಕರಿಗೆ ಕುತೂಹಲ ಹುಟ್ಟಿದ್ದೇ ಅಲ್ಲಿ. ಆ ಮೂರರಲ್ಲಿ ಯಾಕೆ ಇಳಿಯಲಿಲ್ಲ ಎಂದು ಕೇಳಿದರು. ಅವು ಮೂರೂ ಒಂದೇ ರೋಲರಿನಲ್ಲಿ ಹೋಗಿದ್ದವು, ಅದರ ಒರಟು ಮೈ ಸವೆದಿತ್ತು ಎಂದು ಹುಡುಗಿ ಹೇಳಿದಳು. ಹಾಗಾದರೆ ಒಣಗಿಸುವುದು ಸರಿಯಾದರೂ ರೋಲರ್ ಸವೆದಿದ್ದರೆ ಲಾಭವಿಲ್ಲವೇ? ಅಥವಾ ಸವೆದ ರೋಲರಿಗೆ ಬೇರೆ ತೇವಾಂಶ ಬೇಕೇ? ಹುಡುಗಿಗೆ ಗೊತ್ತಿರಲಿಲ್ಲ. ಪ್ರಾಜೆಕ್ಟಿನ ಅವಧಿ ಮುಗಿದಿತ್ತು. ತೇವಾಂಶ, ರೋಲರ್ ಎರಡನ್ನೂ ಬೇರೆ ಬೇರೆ ಮಾಡಿ ನೋಡಲು ಕಾಲೇಜಿನಲ್ಲಿ ಸಾಧನವೂ ಇರಲಿಲ್ಲ.

ಎಂ.ಎಸ್. ಯಾಕೆ ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ! ಕರಡಿನಲ್ಲಿ ಇದ್ದ ಉತ್ತರ, ಅಂದರೆ ಜಾಗತಿಕ ಮಟ್ಟದ ಜ್ಞಾನ ಪಡೆದು ದೇಶಕ್ಕೆ ಸೇವೆ ಸಲ್ಲಿಸುವುದು, ಅದು ಒಂದು ಆಸೆ. ಸವೆದ ರೋಲರಿನ ಪ್ರಶ್ನೆ ಒಂದು ಕಾರಣ. ಹಾಗೆಂದು ಎಲ್ಲ ಸೋಲನ್ನೂ ತುಂಬಬೇಕಿಲ್ಲ. ಮುಂದಿನ ಓದಿಗೆ ದಾರಿ ತೋರಿಸುವ ಸೋಲು ಒಳಗೆ ಬರಲಿ, ಉಳಿದವು ಹೊರಗೇ ಇರಲಿ.

ಈ ಹುಡುಗಿಗೆ ಮೂರನೇ ಸೆಮಿಸ್ಟರಿನ ಗಣಿತದಲ್ಲಿ ಒಂದು ಬ್ಯಾಕ್‌ಲಾಗ್ ಕೂಡ ಇತ್ತು. ಅಂಕಪಟ್ಟಿ ಅರ್ಜಿಯ ಜೊತೆಗೇ ಹೋಗುವುದರಿಂದ ಅದನ್ನು ಮುಚ್ಚಿಡಲು ಆಗದು. ಯಾವಾಗ ಪಾಸಾಯಿತು, ಮುಂದಿನ ಗಣಿತದ ಪತ್ರಿಕೆಯಲ್ಲಿ ಎಷ್ಟು ಬಂತು ಎಂದು ಎರಡು ವಾಕ್ಯ ಸಾಕು. ಕಾರಣಗಳ ಪುರಾಣ ಬೇಡ.

ಈಗ ಸೂಕ್ಷ್ಮವಾದ ಒಂದು ಸಂಗತಿ, ಮನೆಯ ಬಡತನ. ಇದುವರೆಗೆ ನೋಡಿದ್ದು ಪ್ರಾಜೆಕ್ಟಿನ ಮಾತು. ಕರಡಿನಲ್ಲಿ ಹಿಂದುಳಿದ ಪ್ರದೇಶ, ಬಡ ಕೂಲಿಕಾರ, ಅಸಂಖ್ಯ ಅಡೆತಡೆ ಎಂದಿತ್ತು. ಇದೂ ಸುಳ್ಳಲ್ಲ. ಈ ಭಾಗಕ್ಕೆ ಸಂವಿಧಾನದಲ್ಲೇ 371 ಜೆ ಎಂಬ ವಿಶೇಷ ವಿಧಿ ಇದೆ. ಆದರೆ ಹಿಂದುಳಿದ ಎಂಬ ಪದ ಓದಿ ಬೇರೆ ಖಂಡದಲ್ಲಿ ಕುಳಿತವರ ಕಣ್ಣಿಗೆ ಏನು ಕಾಣಬೇಕು? ತಿದ್ದುವವರಲ್ಲಿ ಕೆಲವರು ಮನೆಯ ಕಷ್ಟದ ಮಾತನ್ನು ಪೂರ್ತಿ ಹೊಡೆದುಹಾಕುತ್ತಾರೆ. ಕಷ್ಟ ಹೇಳಿಕೊಳ್ಳುವುದು ಅನುಕಂಪ ಬೇಡಿದಂತೆ ಎನ್ನುತ್ತಾರೆ. ಅದು ಅನ್ಯಾಯ. ಹಮಾಲರ ಮಗಳು ಎಂಬುದು ಸವಕಲು ಮಾತಲ್ಲ, ಅವಳ ಬದುಕು. ಸವಕಲಾಗಿರುವುದು ಅದನ್ನು ಹೇಳಿದ ರೀತಿ.

ಉಪನ್ಯಾಸಕರು ಇಲ್ಲೂ ಕೇಳುತ್ತಾರೆ. "ಅಪ್ಪನ ಜೋಡಿ ಗಂಜಿಗಿ ಹೋಗ್ತಿದ್ದೇನು?" ಹೋಗುತ್ತಿದ್ದಳಂತೆ. ಪಿಯುಸಿಯಲ್ಲಿದ್ದಾಗ ರಜೆಯ ದಿನ ಅಂಗಡಿಯಲ್ಲಿ ಕೂತು ಚೀಲಗಳ ತೂಕ ಬರೆದುಕೊಳ್ಳುತ್ತಿದ್ದಳಂತೆ. ಚೀಲದ ತೂಕ ಕಳೆಯುವುದು ಮರೆತರೆ ರೈತರ ಜೊತೆ ಜಗಳವಾಗುತ್ತಿತ್ತಂತೆ. ಪ್ರಾಜೆಕ್ಟಿನಲ್ಲಿ ತೂಗುವ ಕೆಲಸ ಅವಳ ಪಾಲಿಗೆ ಬಂದದ್ದು ಯಾಕೆ ಎಂಬುದು ಈಗ ತಿಳಿಯಿತು. ಅಪ್ಪನ ವೃತ್ತಿಯೂ ಬಂತು, ಊರೂ ಬಂತು, ಓದಿಗೆ ಸಂಬಂಧಿಸಿದ ಒಂದು ಕೌಶಲವೂ ಬಂತು. ಬಡ ಎಂಬ ಪದ ಬೇಕಾಗಲೇ ಇಲ್ಲ.

ಇನ್ನು ಒಂದು ಎಚ್ಚರ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಂಥ ಕಡೆ ಎರಡು ಬರಹ ಕೇಳುತ್ತಾರೆ. ಓದಿನ ಉದ್ದೇಶಕ್ಕೆ ಒಂದು, ಬದುಕಿನ ಹಿನ್ನೆಲೆಗೆ ಇನ್ನೊಂದು. ಅಲ್ಲಿ ಮನೆಯ ಮಾತು ಹಿಗ್ಗಿಸಿ ಬರೆಯಲು ಎರಡನೆಯದರಲ್ಲಿ ಜಾಗ ಇದೆ. ಒಂದೇ ಬರಹ ಕೇಳುವ ಕಡೆ ಎರಡು ಮೂರು ಸಾಲು ಸಾಕು.

ಉತ್ಪ್ರೇಕ್ಷೆ ಬೇಡ ಎಂಬ ಮಾತು ಕಮಲಾಪುರದ ಕಡೆಯ ಹುಡುಗರಿಗೂ ಅನ್ವಯಿಸುತ್ತದೆ. ಅಲ್ಲಿನ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಮಾಮೂಲಿ ಬಾಳೆಗಿಂತ ಫಸಲು ಕೈಗೆ ಬರುವುದು ತಡ. ಅದರ ಬಗ್ಗೆ ಸಣ್ಣ ಅಧ್ಯಯನ ಮಾಡಿದವರು ಅಳಿವಿನಂಚಿನ ತಳಿಯನ್ನು ಉಳಿಸಲು ಹೋರಾಡಿದೆ ಎಂದು ಬರೆಯಬೇಡಿ. ಇಪ್ಪತ್ತು ಜನ ಬೆಳೆಗಾರರನ್ನು ಮಾತಾಡಿಸಿದ್ದರೆ ಅದನ್ನೇ ಬರೆಯಿರಿ. ಅವರಲ್ಲಿ ಎಷ್ಟು ಮಂದಿ, ಯಾಕೆ ಈ ಬೆಳೆ ಬಿಟ್ಟರು ಎಂಬುದನ್ನು ಬರೆಯಿರಿ.

ಮತ್ತೆ ಶಹಾಬಜಾರಿಗೆ ಬರೋಣ. ಸವಕಲು ಮಾತು ಹೋಯಿತು, ಅಂಕಿ ಸರಿಯಾಯಿತು, ಬಿಟ್ಟುಹೋದ ಮೂರು ಲಾಟ್ ಒಳಗೆ ಬಂದವು, ಮನೆಯ ಮಾತು ತನ್ನ ಜಾಗದಲ್ಲಿ ಕೂತಿತು. ಹುಡುಗಿ ಮನೆಗೆ ಹೋಗಿ ಹೊಸದಾಗಿ ಬರೆದು ತಂದಳು. ಅದರ ಆರಂಭ ಕನ್ನಡದಲ್ಲಿ ಹೀಗೆ: "ನನ್ನ ತಂದೆ ಕಲಬುರಗಿಯ ಧಾನ್ಯ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಾರೆ. ಕಾಲೇಜಿನ ರಜೆಯಲ್ಲಿ ನಾನು ಅಲ್ಲಿ ತೂಕ ಬರೆದುಕೊಳ್ಳುತ್ತಿದ್ದೆ. ಕೊನೆಯ ವರ್ಷ ನಾವು ನಾಲ್ವರು ಒಂದು ದಾಲ್ ಮಿಲ್ಲಿನಲ್ಲಿ ಕಾಳಿನ ತೇವಾಂಶ ಅಳೆದು ರೋಲರಿಗೆ ಬಿಡುವುದನ್ನು ಪ್ರಯತ್ನಿಸಿದೆವು. ತೂಕ ಮತ್ತು ದಾಖಲೆ ನನ್ನ ಕೆಲಸ. ಹನ್ನೆರಡರಲ್ಲಿ ಒಂಬತ್ತು ಲಾಟ್‌ಗಳಲ್ಲಿ ನುಚ್ಚು ಕ್ವಿಂಟಲಿಗೆ ಎಂಟು ಕಿಲೋದಿಂದ ಆರಕ್ಕೆ ಇಳಿಯಿತು. ಸವೆದ ರೋಲರಿನಲ್ಲಿ ಹೋದ ಮೂರರಲ್ಲಿ ಇಳಿಯಲಿಲ್ಲ. ಯಾಕೆ ಎಂಬುದನ್ನು ಒಂದೇ ಮಿಲ್ಲಿನ ಒಂದೇ ಹಂಗಾಮಿನ ಅಂಕಿಗಳಿಂದ ಹೇಳಲು ನಮಗೆ ಆಗಲಿಲ್ಲ."

ಇದರಲ್ಲಿ ಕ್ರಾಂತಿ ಇಲ್ಲ, ನೇತೃತ್ವ ಇಲ್ಲ. ಆದರೆ ಇದನ್ನು ಬೇರೆಯವರು ಬರೆಯಲಾರರು.

ಉಪನ್ಯಾಸಕರು ಇದರಲ್ಲಿ ವ್ಯಾಕರಣದ ನಾಲ್ಕೈದು ತಪ್ಪು ತಿದ್ದಿದರು, ಉದ್ದದ ಎರಡು ವಾಕ್ಯ ಮುರಿದರು, ಅಷ್ಟಕ್ಕೇ ನಿಲ್ಲಿಸಿದರು. ಅವರಿಗೆ ಇದಕ್ಕಿಂತ ಸೊಗಸಾಗಿ ಬರೆಯಲು ಬರುತ್ತಿತ್ತು. ಬರೆಯಲಿಲ್ಲ. ತಿದ್ದುವವರೇ ಬರೆದುಕೊಟ್ಟ ಎಸ್‌ಒಪಿ ಸಂದರ್ಶನದಲ್ಲಿ ಸಿಕ್ಕಿಬೀಳುತ್ತದೆ. ಪುಟದಲ್ಲಿ ಒಂದು ದನಿ, ವಿಡಿಯೋ ಕರೆಯಲ್ಲಿ ಇನ್ನೊಂದು ದನಿ ಆದರೆ ಕೇಳುವವರಿಗೆ ಅನುಮಾನ ಬಾರದೇ ಇರುವುದಿಲ್ಲ. ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಯಾವುದೇ ಒಂದು ವಾಕ್ಯದ ಮೇಲೆ ಬೆರಳಿಟ್ಟು, ಇದರ ಬಗ್ಗೆ ಐದು ನಿಮಿಷ ಮಾತಾಡು ಎನ್ನಿ. ಕನ್ನಡದಲ್ಲಿ ಮಾತಾಡಿದರೂ ಸರಿ. ಮಾತು ನಿಂತುಹೋದರೆ ಆ ವಾಕ್ಯ ತೆಗೆಯಬೇಕು.

ಕೊನೆಯ ಭಾಗದಲ್ಲಿ ವಿಶ್ವವಿದ್ಯಾಲಯವನ್ನು ಹೊಗಳುವ ಚಟ ಇದೆ. ನಿಮ್ಮ ಪ್ರತಿಷ್ಠಿತ ಸಂಸ್ಥೆ, ವಿಶ್ವವಿಖ್ಯಾತ ಅಧ್ಯಾಪಕರು ಎಂದು. ಹತ್ತು ಕಡೆ ಅರ್ಜಿ ಹಾಕಿ ಹತ್ತಕ್ಕೂ ಅದೇ ಸಾಲು ಕಳಿಸುವವರು ಒಮ್ಮೊಮ್ಮೆ ಹೆಸರು ಬದಲಿಸಲು ಮರೆತು, ಒಬ್ಬರಿಗೆ ಇನ್ನೊಬ್ಬರ ಹೊಗಳಿಕೆ ಕಳಿಸುತ್ತಾರೆ. ಅದರ ಬದಲು ಅಲ್ಲಿನ ಪಠ್ಯಕ್ರಮ ತೆರೆದು ನೋಡಿ. ಧಾನ್ಯ ಒಣಗಿಸುವ ಬಗ್ಗೆ ಪತ್ರಿಕೆ ಇದೆಯೇ, ಆ ಕೆಲಸ ಮಾಡುವ ಪ್ರಯೋಗಾಲಯ ಇದೆಯೇ ಎಂದು ಹುಡುಕಿ, ಇದ್ದರೆ ಅದರ ಹೆಸರು ಬರೆಯಿರಿ. ಇಲ್ಲದಿದ್ದರೆ ಅಲ್ಲಿಗೆ ಅರ್ಜಿ ಯಾಕೆ ಎಂದು ಮತ್ತೊಮ್ಮೆ ಯೋಚಿಸಿ.

ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳ ಅರ್ಜಿಯ ಗಡುವು ಡಿಸೆಂಬರ್ ಮತ್ತು ಜನವರಿಯಲ್ಲಿ ಬರುತ್ತದೆ. ಮೇಲೆ ಹೇಳಿದ ಮಾತುಕತೆಗೆ, ಹೊಸದಾಗಿ ಬರೆಯಲಿಕ್ಕೆ, ಮತ್ತೆ ತಿದ್ದಲಿಕ್ಕೆ ಮೂರು ನಾಲ್ಕು ವಾರವಾದರೂ ಬೇಕು. ತಿದ್ದಿದ ಪ್ರತಿ ಸಿದ್ಧವಾದ ಮೇಲೆ ಅದನ್ನು ನಿಮಗೆ ಶಿಫಾರಸು ಪತ್ರ ಬರೆಯುವ ಪ್ರಾಜೆಕ್ಟ್ ಗೈಡ್ ಅವರಿಗೂ ಕೊಡಿ. ನಾಲ್ವರು ಮಾಡಿದ ಕೆಲಸ ಎಂದು ಅವರ ಪತ್ರ ಹೇಳಿ, ನಾನೊಬ್ಬಳೇ ಮಾಡಿದೆ ಎಂದು ನಿಮ್ಮ ಪುಟ ಹೇಳಿದರೆ, ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದುವವರು ನಂಬುವುದು ಅವರ ಪತ್ರವನ್ನು.